ಏಳನೆಯ ಪ್ರಸಂಗದ ಬಸಣ್ಣ

ಮಹಾರಾಷ್ಟ್ರದ ಗಡಿಯೂರು ವಾಗದರಿಯ ಕನ್ನಡ ಶಾಲೆಯಲ್ಲಿ ಗುರುರಾಜ ಗುರುಜಿ ನಾಗರಿಕಶಾಸ್ತ್ರ ಕಲಿಸುತ್ತಿರುವುದು ಇಪ್ಪತ್ತಾರು ವರ್ಷದಿಂದ. ಸೋಲಾಪುರದ ಮನೆಯಿಂದ ಬೆಳಗಿನ ಬಸ್ಸು ಹಿಡಿದು ಅಕ್ಕಲಕೋಟದಲ್ಲಿ ಇಳಿಯುತ್ತಾರೆ, ಅಲ್ಲಿಂದ ಇನ್ನೊಂದು ಬಸ್ಸು. ಮೂರು ತಲೆಮಾರಿನಿಂದ ಅವರ ಮನೆಯವರು ಕಚೇರಿಯ ಕೆಲಸದವರು. ಹೀಗಾಗಿ ಯಾವ ಕಾಗದವೂ ಮೂರು ಸಲ ತಿದ್ದದೆ ಅವರ ಕೈಯಿಂದ ಹೊರಬೀಳುವುದಿಲ್ಲ.

ನವೆಂಬರ್ ಇಪ್ಪತ್ತಾರರ ಸಂವಿಧಾನ ದಿನಕ್ಕೆ ಮೊದಲು ಏಳನೆಯ ತರಗತಿಗೆ ಅವರು ಒಂದು ಸ್ವಾಧ್ಯಾಯದ ಹಾಳೆ ಕೊಡುತ್ತಾರೆ. ಎಡಗಡೆ ಹತ್ತು ಪ್ರಸಂಗಗಳು, ಬಲಗಡೆ ಮೂಲಭೂತ ಹಕ್ಕುಗಳು ಮತ್ತು ಕರ್ತವ್ಯಗಳು, ಹೊಂದಿಸಿ ಬರೆಯಬೇಕು. ಒಂದು ಉತ್ತರ ಎರಡು ಸಲ ಬರಬಹುದು. ಪಟಾಕಿ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದ ಹುಡುಗ ದುಡಿಯುತ್ತಾನೆ: ಶೋಷಣೆಯ ವಿರುದ್ಧದ ಹಕ್ಕು. ಮಹಾರಾಷ್ಟ್ರದಲ್ಲಿ ಕನ್ನಡ ಮಾತಾಡುವವರು ತಮ್ಮ ಭಾಷೆಯ ಶಾಲೆ ನಡೆಸುತ್ತಾರೆ: ಸಾಂಸ್ಕೃತಿಕ ಮತ್ತು ಶೈಕ್ಷಣಿಕ ಹಕ್ಕು. ಕೆಲವರು ಸರ್ಕಾರಿ ಎಸ್.ಟಿ. ಬಸ್ಸಿನ ಗಾಜು ಒಡೆಯುತ್ತಾರೆ: ಸಾರ್ವಜನಿಕ ಆಸ್ತಿ ಕಾಪಾಡುವ ಕರ್ತವ್ಯ ಮರೆತಿದ್ದಾರೆ.

ಮಕ್ಕಳಿಗೆ ಹತ್ತಿರವಾಗಲಿ ಎಂದು ಗುರುಜಿ ಪ್ರಸಂಗಗಳಲ್ಲಿ ಊರಿನ ಹೆಸರುಗಳನ್ನೇ ಹಾಕುತ್ತಿದ್ದರು. ಯಾರಿಗೂ ನೋವಾಗಬಾರದೆಂದು ತೀರ ಸಾಮಾನ್ಯವಾದ ಹೆಸರನ್ನು ಆರಿಸುತ್ತಿದ್ದರು. ಈ ವರ್ಷ ಏಳನೆಯ ಪ್ರಸಂಗ ಹೀಗಿತ್ತು: ‘ಬಸಣ್ಣ ತನ್ನ ಹನ್ನೆರಡು ವರ್ಷದ ಮಗಳನ್ನು ಶಾಲೆಗೆ ಕಳಿಸದೆ ಮನೆಯಲ್ಲಿ ಇಟ್ಟುಕೊಂಡಿದ್ದಾನೆ. ಅವನು ಯಾವುದನ್ನು ಪಾಲಿಸುತ್ತಿಲ್ಲ?’ ಊರಿನಲ್ಲಿ ಒಂಬತ್ತು ಬಸಣ್ಣಂದಿರಿದ್ದರು. ಒಂಬತ್ತು ಜನರಲ್ಲಿ ಹಂಚಿಹೋದ ಮಾತು ಯಾರಿಗೂ ತಾಗುವುದಿಲ್ಲ ಎಂಬುದು ಗುರುಜಿಯ ಲೆಕ್ಕಾಚಾರ.

ಹಾಳೆ ಮನೆಮನೆಗೆ ಹೋಯಿತು. ಎಂಟು ಬಸಣ್ಣಂದಿರು ಓದಿಸಿ ಕೇಳಿ, ತಮಗೆ ಸಂಬಂಧವಿಲ್ಲವೆಂದು ನಕ್ಕು, ಒಂಬತ್ತನೆಯವನ ಮನೆಯ ಕಡೆ ನೋಡಿದರು. ಆ ಬಸಣ್ಣನ ಮಗಳು ಸೋನಾಲಿ ಹದಿನೇಳು ದಿನದಿಂದ ಶಾಲೆಗೆ ಬಂದಿರಲಿಲ್ಲ.

ಇದು ಗುರುಜಿಗೆ ಗೊತ್ತಿರಬೇಕಿತ್ತು, ಅರ್ಧ ಗೊತ್ತೂ ಇತ್ತು. ಹುಡುಗಿ ಕುರನೂರಿಗೆ, ತಾಯಿಯ ತವರಿಗೆ ಹೋಗಿದ್ದಾಳೆ ಎಂದು ಮಕ್ಕಳು ಹೇಳಿದ್ದರು. ಸತತ ಒಂದು ತಿಂಗಳು ಬಾರದ ಮಗುವನ್ನು ಶಾಲೆಬಿಟ್ಟ ಮಗು ಎಂದು ಮೇಲಕ್ಕೆ ವರದಿ ಮಾಡಬೇಕು. ಹೆಸರುಗಳು ಹೀಗೆ ಒಂದೊಂದೇ ಹೋದರೆ ಕನ್ನಡ ಶಾಲೆಯ ಒಂದು ಶಿಕ್ಷಕರ ಹುದ್ದೆಯೂ ಹೋಗುತ್ತದೆ. ಇಂದೋ ನಾಳೆಯೋ ಬರುತ್ತಾಳೆಂದು ಗುರುಜಿ ದಿನವೂ ಅವಳಿಗೆ ಹಾಜರಿ ಹಾಕಿದ್ದರು. ದಾಖಲೆಯ ಪ್ರಕಾರ ಸೋನಾಲಿ ಹದಿನೇಳು ದಿನವೂ ಶಾಲೆಯ ಖಿಚಡಿ ಉಂಡಿದ್ದಳು.

ಶನಿವಾರ ಶಾಲೆ ಬಿಟ್ಟ ಮೇಲೆ ಒಂಬತ್ತನೆಯ ಬಸಣ್ಣ ಬಂದ. ಕೈಯಲ್ಲಿ ಮಡಿಚಿದ ಹಾಳೆ.

‘ಏನ್ರಿ ಗುರುಜಿ, ಊರ ಮಂದಿಗೆಲ್ಲಾ ನನ್ನ ಹೆಸರ ಪರೀಕ್ಷಾದಾಗ ಇಟ್ಟೀರಿ?’

‘ಅದು ನೀವಲ್ಲ, ಬಸಣ್ಣ. ಯಾರೋ ಒಬ್ಬ ಬಸಣ್ಣ.’

‘ಆ ಯಾರೋ ಒಬ್ಬಗ ಹನ್ನೆರಡ ವರ್ಷದ ಮಗಳ ಅದಾಳ. ಮನ್ಯಾಗ ಅದಾಳ. ಇನ್ನ ನನ್ನ ಎಮ್ಮಿ ಬಣ್ಣ ಒಂದ ಬರಿಯೂದು ಉಳದಿತ್ತ ನೋಡ್ರಿ.’

ಗುರುಜಿ ಇನ್ನೊಂದು ಕುರ್ಚಿ ಸರಿಸಿ ಕೊಟ್ಟರು. ಬಸಣ್ಣ ಕೂರಲಿಲ್ಲ.

‘ಸೋನಾಲಿ ಕುರನೂರಿಗೆ ಹೋಗ್ಯಾಳ ಅಂದ್ರು ಹುಡುಗರು.’

‘ಎಲ್ಲಿ ಕುರನೂರ! ನಮ್ಮವ್ವ ಬಚ್ಚಲದಾಗ ಜಾರಿ ಬಿದ್ದ ಕೈ ಮುರಕೊಂಡಾಳ. ಜೋಳದಾಗ ಕಸಾ ತಗ್ಯೂದೈತಿ, ನನ್ನ ಹೇಣ್ತಿ ಗುರಮ್ಮ ಹೊಲಕ್ಕ ಬರ್ತಾಳ. ಸಣ್ಣಾಂವ ಸಿದ್ದೇಶ್ವರಗ ಒಂದೂವರಿ ವರ್ಷ. ಅಂಗಣವಾಡಿಯವ್ರು ಮೂರ ವರ್ಷ ಆಗ್ಲಿ ಅಂತಾರ. ಹೇಳ್ರಿ, ನಿಮ್ಮ ಬಲಗಡಿ ಉತ್ತರದಾಗ ಅವನ್ನ ಎತ್ತಕೊಳ್ಳವ್ರು ಯಾರರ ಅದಾರೇನು?’

ಗುರುಜಿ ಬಲಗಡೆಯ ಪಟ್ಟಿಯನ್ನು ಮನಸ್ಸಿನಲ್ಲೇ ಮೇಲಿಂದ ಕೆಳಗೆ ಓದಿದರು. ಯಾರೂ ಇರಲಿಲ್ಲ.

‘ಇದಕ್ಕ ನನಗ ಶಿಕ್ಷಾ ಏನ್ರಿ?’ ಬಸಣ್ಣನ ದನಿ ತುಸು ಇಳಿದಿತ್ತು.

‘ಶಿಕ್ಷಾ ಇಲ್ಲ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಓದೋ ಅವಕಾಶ ಕೊಡೂದು ತಾಯಿ-ತಂದಿ ಕರ್ತವ್ಯ. ಆದ್ರ ಮೂಲಭೂತ ಕರ್ತವ್ಯ ಮುರದ್ರ, ಅಷ್ಟಕ್ಕ ಕೋರ್ಟು ಶಿಕ್ಷಾ ಕೊಡೂದಿಲ್ಲ.’

‘ಶಿಕ್ಷಾ ಇಲ್ಲಂದ್ರ ಬರದದ್ದ್ಯಾಕ?’

‘ಓದೂದು ಹುಡುಗಿ ಹಕ್ಕು ಅದ. ಅದಕ್ಕ ಕೋರ್ಟಿಗೆ ಹೋಗಬಹುದು.’

‘ಯಾರ ಮ್ಯಾಲ? ನನ್ನ ಮ್ಯಾಲ?’

ಗುರುಜಿ ನಿಖರ ಮನುಷ್ಯ. ಸುಳ್ಳು ಹೇಳಿ ಹೆದರಿಸಬಹುದಿತ್ತು, ಹೇಳಲಿಲ್ಲ. ‘ನಿಮ್ಮ ಮ್ಯಾಲ ಅಲ್ಲ. ಸರ್ಕಾರದ ಮ್ಯಾಲ. ಇಲ್ಲಿ ಸರ್ಕಾರ ಅಂದ್ರ, ಈ ಖುರ್ಚಿ ಮ್ಯಾಲ ಕುಂತಾಂವ.’

ಬಸಣ್ಣನಿಗೆ ಮೊದಲ ಸಲ ನಗು ಬಂತು. ‘ಹಂಗಾರ ಇದನ್ನ ನೋಡ್ರಿ ಸರ್ಕಾರ. ನನ್ನ ಮಗಳ ಬರದಾಳ. ಗೆಳತಿ ಕಡಿಯಿಂದ ಹಾಳಿ ತರಿಸಿಕೊಂಡಾಳ, ತಮ್ಮನ್ನ ತೊಡಿ ಮ್ಯಾಲ ಮಲಗಿಸಿಕೊಂಡು ಬರದಾಳ. ನನ್ನ ಹೆಸರಿಗೆ ಏನ ಬರದಾಳೊ, ನನಗ ಓದಾಕ ಬರೂದಿಲ್ಲ. ಕೇಳಿದ್ರ ಹೇಳವಲ್ಲಳು. ತಪ್ಪ ಬರದಿದ್ರ ಸಾಲಿ ಬಿಡಸ್ತೀನಿ, ಖರೇ ಬರದಿದ್ರೂ ಬಿಡಸ್ತೀನಿ, ತಿಳೀತೇನ್ರಿ?’

ಗುರುಜಿ ಹಾಳೆ ಬಿಡಿಸಿದರು. ಒಂಬತ್ತು ಉತ್ತರ ಸರಿ. ಏಳನೆಯದು ಮಾತ್ರ ತಪ್ಪು: ಬಸಣ್ಣನ ಮುಂದೆ ಅವಳು ‘ಶೋಷಣೆಯ ವಿರುದ್ಧದ ಹಕ್ಕು’ ಎಂದು ಹೊಂದಿಸಿದ್ದಳು. ಇಡೀ ತರಗತಿಯಲ್ಲಿ ಆ ಪ್ರಸಂಗವನ್ನು ಅನುಭವಿಸಿ ಬರೆದವಳು ಅವಳೊಬ್ಬಳೇ, ಅಂಕ ಕಳೆದುಕೊಂಡವಳೂ ಅವಳೊಬ್ಬಳೇ.

ಹಾಳೆಯ ಹಿಂದೆ ಇನ್ನೊಂದು ಸಾಲಿತ್ತು. ‘ಪ್ರಸಂಗ ೧೧: ಹುಡುಗಿ ಶಾಲೆಗೆ ಬರುವುದಿಲ್ಲ. ಗುರುಜಿ ಅವಳಿಗೆ ದಿನಾ ಹಾಜರಿ ಹಾಕುತ್ತಾರೆ ಎಂದು ಗೆಳತಿ ಹೇಳಿದಳು. ಗುರುಜಿ ಯಾವುದನ್ನು ಪಾಲಿಸುತ್ತಿಲ್ಲ?’

‘ಏನ ಬರದಾಳ್ರಿ ನನ್ನ ಬಗ್ಗೆ?’

ಗುರುಜಿ ಹಾಳೆಯನ್ನು ಮತ್ತೆ ಮುಂಬದಿಗೆ ತಿರುಗಿಸಿದರು. ಈ ಮನುಷ್ಯನಿಗೆ ಓದು ಬಾರದು. ಏನು ಓದಿ ಹೇಳಿದರೂ ನಡೆಯುತ್ತಿತ್ತು. ‘ಹುಡುಗಿ ಶ್ಯಾಣ್ಯಾಕಿ ಅದಾಳ’ ಎಂದರೆ ಮುಗಿಯುತ್ತಿತ್ತು.

‘ನಿಮ್ಮ ಬಗ್ಗೆ ಬರದದ್ದು ತಪ್ಪದ. ಮನ್ಯಾಗ ದುಡಿಸೂದು ಶೋಷಣೆ ಅಂದಾಳ. ಪುಸ್ತಕದ ಪ್ರಕಾರ ಕಾರ್ಖಾನಿ, ಗಣಿ, ಅಪಾಯದ ಕೆಲಸ ಇದ್ರ ಮಾತ್ರ ಈ ಉತ್ತರ. ಅದಕ್ಕ ಒಂದು ಮಾರ್ಕ್ಸ್ ಕಡಿಮಿ. ಹಿಂದಿನ ಪುಟದಾಗ ನನ್ನ ಬಗ್ಗೆ ಬರದಾಳ. ಅದು ತಪ್ಪಿಲ್ಲ.’ ಅನಂತರ ಅದನ್ನು ಒಂದಕ್ಷರ ಬಿಡದೆ ಓದಿದರು.

ಬಸಣ್ಣ ಈಗ ಕುರ್ಚಿಯಲ್ಲಿ ಕೂತ. ‘ಹದಿನೇಳ ದಿನಾ ಹಾಜರಿ ಹಾಕೀರಿ? ಹಂಗಾರ ನಾ ಮಗಳನ್ನ ಸಾಲಿಗೆ ಕಳಿಸೇನೇ ಅಂತಾತಲ್ರಿ! ಹಾಳ್ಯಾಗ ನನ್ನ ಹೆಸರ ಹಾಕಿದ್ದ ಸುಳ್ಳ ಆತಲ್ರಿ!’

‘ಖರೇ ಅದ’ ಎಂದರು ಗುರುಜಿ. ಎರಡೂ ಅವರದೇ ಅಕ್ಷರ. ಒಂದು ಕಾಗದ ಇನ್ನೊಂದನ್ನು ಸುಳ್ಳು ಮಾಡುತ್ತಿತ್ತು. ಹಾಜರಿ ಪುಸ್ತಕ ತೆಗೆದು, ಹದಿನೇಳು ಚೌಕಗಳಲ್ಲಿ ಕೆಂಪು ಶಾಯಿಯಿಂದ ಗೈರುಹಾಜರಿ ಬರೆದು, ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ಸಹಿ ಹಾಕಿದರು. ಮೇಲಿನವರು ಕೇಳಿದರೆ ಉತ್ತರ ಕೊಡಬೇಕಾಗುತ್ತದೆ. ನಿವೃತ್ತಿಗೆ ಐದು ತಿಂಗಳಿತ್ತು.

‘ಈಗ ನಾನೂ ತಪ್ಪು, ನೀವೂ ತಪ್ಪು’ ಎಂದರು. ‘ಹುಡುಗಿ ಸೋಮವಾರ ಬರ್ಲಿ. ಸಿದ್ದೇಶ್ವರನ್ನೂ ಕರಕೊಂಡು ಬರ್ಲಿ. ನಿಮ್ಮವ್ವನ ಕೈ ನೆಟ್ಟಗಾಗೂತನ ಇಲ್ಲೇ ಆಡ್ಲಿ.’

‘ಅಂವ ಅಳತಾನ್ರಿ. ಬಾಳ ಅಳತಾನ.’

‘ಏಳನೇ ಇಯತ್ತೆ ಹುಡುಗರೂ ಅಳತಾರ, ಗಣಿತದ ತಾಸಿನ್ಯಾಗ.’

ಬಸಣ್ಣ ಕುರ್ಚಿ ಬಿಟ್ಟು ಎದ್ದ. ಮಗಳ ಹಾಳೆಯನ್ನು ತಾನೇ ಒಯ್ದ.

ಸೋಮವಾರ ಹಾಜರಿ ಕರೆಯುವಾಗ ಸೋನಾಲಿಯ ಹೆಸರಿಗೆ ಉತ್ತರ ಬರಲಿಲ್ಲ. ಗುರುಜಿ ತುಸು ಕಾದು, ಗೈರುಹಾಜರಿ ಬರೆಯಲು ಪೆನ್ನು ಊರಿದರು. ಅಷ್ಟರಲ್ಲಿ ಬಾಗಿಲಲ್ಲಿ ಅಳುವ ಸದ್ದು. ಸೊಂಟದ ಮೇಲೆ ತಮ್ಮ, ಬೆನ್ನಿಗೆ ಚೀಲ, ಕೈಯಲ್ಲಿ ಹಾಳೆ.

‘ಹಾಜರ್ರೀ ಗುರುಜಿ’ ಎಂದಳು ಏದುಸಿರು ಬಿಡುತ್ತ. ‘ಏಳನೇದು ಯಾಕ ತಪ್ಪ್ರಿ? ಇಂವನ್ನ ಹೊರೂದು ಅಪಾಯದ ಕೆಲಸ ಅಲ್ಲೇನ್ರಿ? ನಿನ್ನಿ ಕಡದಾನ.’

ತರಗತಿ ನಕ್ಕಿತು. ಗುರುಜಿ ಅವಳ ಮುಂಗೈಯನ್ನು ಪರೀಕ್ಷಿಸಿದರು. ಎರಡು ಹಲ್ಲಿನ ಗುರುತು ಸ್ಪಷ್ಟವಾಗಿತ್ತು.

‘ಅಂಕ ಸಿಗೂದಿಲ್ಲ. ಕುಂದ್ರು’ ಎಂದರು. ಹುಡುಗನನ್ನು ತಾವೇ ಇಸಿದುಕೊಂಡು, ಎಡಗೈಯಲ್ಲಿ ಎತ್ತಿಕೊಂಡೇ, ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಹಾಜರಿ ಬರೆದರು.