ಅಪ್ಪನ ಬಿ.ಎ.

"ಆ ದುಡ್ಡು ಈ ಜನ್ಮದಲ್ಲಿ ವಾಪಸ್ ಬರಲ್ಲ ಮಾರಾಯ. ನಿನ್ನ ಡಿಗ್ರಿಗೆ ಕಂಪನಿಯವ್ರು ಹೆದರ್ತಾರಾ?" ಎಂದವರು ನನ್ನ ಸೋದರಮಾವ.

ಭದ್ರಾವತಿಯ ಬ್ಯಾಂಕಿನಲ್ಲಿ ಕೂರುತ್ತಿದ್ದ ಏಜೆಂಟ್, ಕಾರ್ಖಾನೆಯಿಂದ ನಿವೃತ್ತರಾದ ಅಪ್ಪನ ಹಣವನ್ನು ಎಫ್.ಡಿ. ಎಂದು ನಂಬಿಸಿ ವಿಮಾ ಪಾಲಿಸಿಗೆ ಹಾಕಿಸಿದ್ದ. ಮರುವರ್ಷ ಎರಡನೇ ಕಂತು ಕಟ್ಟಿ ಎಂಬ ಪತ್ರ ಬಂದಾಗಲೇ ನಮಗೆ ಗೊತ್ತಾದದ್ದು. ಪಾಲಿಸಿ ಬೇಡವೆಂದು ಹಿಂತಿರುಗಿಸುವ ಹದಿನೈದು ದಿನಗಳ ಗಡುವು ಎಂದೋ ಮುಗಿದಿತ್ತು.

ಪಾಲಿಸಿಯ ಜೊತೆ ಅರ್ಜಿಯ ನಕಲಿತ್ತು. ಏಜೆಂಟನೇ ಇಂಗ್ಲಿಷಿನಲ್ಲಿ ತುಂಬಿದ್ದ: ವಿದ್ಯಾಭ್ಯಾಸ ಬಿ.ಎ., ಉದ್ಯೋಗ ವ್ಯಾಪಾರ. ಕೆಳಗೆ ಮೂರನೇ ಕ್ಲಾಸು ಓದಿದ ಅಪ್ಪನ ಕನ್ನಡ ಸಹಿ. ಕೂಲಿ ಮಾಡಿಕೊಂಡು ಓದಿ ನಮ್ಮ ವಂಶದ ಮೊದಲ ಪದವೀಧರನಾಗಿದ್ದ ನನ್ನನ್ನು ಆ ಪುಣ್ಯಾತ್ಮ ಒಂದೇ ಗೆರೆಯಲ್ಲಿ ಎರಡನೆಯವನನ್ನಾಗಿಸಿದ್ದ.

ನಕಲಿನ ಜೊತೆ ಅಪ್ಪನ ಶಾಲೆಯ ಟಿ.ಸಿ. ಲಗತ್ತಿಸಿ ಶಿವಮೊಗ್ಗದ ವಿಮಾ ಕಚೇರಿಗೆ ದೂರು ಕೊಟ್ಟೆ.

"ನಿಮ್ ತಂದೆ ಬಿ.ಎ. ಅಲ್ವಾ?" ಎಂದರು ಅಧಿಕಾರಿ.

"ಆಗಿದ್ರೆ ನಾನ್ಯಾಕೆ ಸಾರ್ ಮೂಟೆ ಹೊರ್ತಿದ್ದೆ?"

ಎರಡು ತಿಂಗಳಲ್ಲಿ ಪಾಲಿಸಿ ರದ್ದಾಗಿ ಹಣ ಪೂರ್ತಿ ಬಂತು. ಬ್ಯಾಂಕಿನ ಮ್ಯಾನೇಜರರೇ ಈ ಸಲ ನಿಜವಾದ ಎಫ್.ಡಿ. ಸರ್ಟಿಫಿಕೇಟನ್ನು ಅಪ್ಪನ ಕೈಗಿತ್ತರು. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ದುಡ್ಡೇನೋ ಬಂತು. ನನ್ನ ಡಿಗ್ರಿ ಹೋಯ್ತಲ್ಲೋ!"