ಬಿಸಿಸಿಯಲ್ಲಿದ್ದ ನನ್ನ ಹೆಸರು

ಮ್ಯಾನೇಜರ್ ಮೇಜಿಗೂ ನನ್ನ ಮೇಜಿಗೂ ಎಂಟೇ ಹೆಜ್ಜೆ. ಮಿರಜ ಬಳಿಯ ಕುಪವಾಡದ ಎಂಐಡಿಸಿ ಕೈಗಾರಿಕಾ ಪ್ರದೇಶದ ಪಂಪು ಕಾರ್ಖಾನೆಯಲ್ಲಿ ಮಾಲು ರವಾನಿಸುವ ಕೆಲಸ ನನ್ನದು. ಏನಿದ್ದರೂ ಅವರು ಕೂತಲ್ಲಿಂದಲೇ ಕೂಗುತ್ತಿದ್ದರು. ಆ ದಿನ ಮಾತ್ರ ಮೇಲ್ ಕಳಿಸಿದರು: 'ತಪಾಸಣೆಯಾಗದ ಮಾಲು ಹೊರಗೆ ಹೋದದ್ದು ಹೇಗೆ? ಇಂದೇ ಲಿಖಿತ ಉತ್ತರ ಕೊಡಿ.' ಪ್ರತಿ ಹೋಗುವ ಸಿಸಿಯಲ್ಲಿ ಮಾಲೀಕರು.

ಮೈ ಉರಿಯಿತು. 'ಕಳಿಸು' ಎಂದವರೇ ಅವರು, ಅದೂ ಬಾಯಿಮಾತಿನಲ್ಲಿ. ಗಿರಾಕಿ ಮಾಲು ವಾಪಸು ಕಳಿಸಿದ ಮೇಲೆ ತಪ್ಪು ನನ್ನ ತಲೆಗೆ. ಪ್ರಶ್ನೆ ನನಗಾದರೂ ಓದಬೇಕಾದವರು ಮಾಲೀಕರು, ಅದು ತಿಳಿಯದಷ್ಟು ದಡ್ಡಿ ನಾನಲ್ಲ. ನೌಕರಿ ಹೋಯಿತೆಂದೇ ಅಂದುಕೊಂಡೆ.

ತಪಾಸಣೆ ವಿಭಾಗದ ಹಿರಿಯರೊಬ್ಬರಿದ್ದರು. ಎಲ್ಲರೂ ಮರಾಠಿಯಾಡುವ ಆ ಆಫೀಸಿನಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ನಾನು ಕಾಕಾ ಎನ್ನುತ್ತಿದ್ದೆ. ಅವರ ಬಳಿ ಓಡಿದೆ.

"ನೀ ಏನೂ ಬರೀಬ್ಯಾಡ. ನಾ ಬರೀತೇನಿ. ಸುಮ್ನ ಕುಂದ್ರು," ಎಂದರು.

ಅರ್ಧ ಗಂಟೆಗೆ ಅವರ ಮೇಲ್ ಬಂತು. ಮ್ಯಾನೇಜರಿಗೆ, ಸಿಸಿ ಮಾಲೀಕರಿಗೆ. 'ತಪಾಸಣೆ ಬಾಕಿ ಇದೆ ಎಂದು ಅಂದೇ ನಿಮಗೆ ಬರೆದಿದ್ದೆ. ಆದರೂ ನನ್ನೆದುರೇ ಕಳಿಸಲು ಹೇಳಿದಿರಿ.' ಕೆಳಗೆ ಆ ಹಳೆಯ ಮೇಲ್. ನನ್ನ ಹೆಸರು ಎಲ್ಲೂ ಇಲ್ಲ. ಉಳಿದವರಿಗೆ ಹೆಸರು ಕಾಣದಂತೆ ನನ್ನನ್ನು ಬಿಸಿಸಿಯಲ್ಲಿ ಇಟ್ಟಿದ್ದರು. ನನಗೆ ಧೈರ್ಯ ಬರಲಿ, ಆದರೆ ಕಾಕಾ ನನ್ನ ಪರವಾಗಿ ಬರೆದರೆಂದು ಯಾರಿಗೂ ಅನಿಸದಿರಲಿ ಎಂದು.

ಖುಷಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಕುಟ್ಟಿದೆ: "ಕಾಕಾ, ನೀವು ಹೇಳಿದಂಗ ಸುಮ್ನ ಕುಂತಿದ್ದೆ. ಈಗ ಅವನ ಬಾಯಿ ಬಂದ್ ಆತು!" ರವಾನೆಯವರಿಗೆ ಯಾವ ಮೇಲ್‌ಗೂ 'ರಿಪ್ಲೈ ಆಲ್' ಒತ್ತಿ ಎಲ್ಲರಿಗೂ ಉತ್ತರ ಕಳಿಸಿಯೇ ರೂಢಿ. ಬೆರಳು ಅದನ್ನೇ ಒತ್ತಿತು.

ಹೋದ ಮೇಲ್ ತೆರೆದರೆ ಮೂರು ಹೆಸರು: ಕಾಕಾ, ಮ್ಯಾನೇಜರ್, ಮಾಲೀಕರು. ಕನ್ನಡ ಯಾರಿಗೆ ತಿಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಮಾಲೀಕರು ಕಾಕಾನನ್ನೂ ನನ್ನನ್ನೂ ಕರೆದರು. ಮಿರಜ ಪೇಟೆಯ ಹಳೆಯ ವ್ಯಾಪಾರಿ ಮನೆತನದವರು. ಅವರ ಬಾಯಲ್ಲಿ ಅಲ್ಲಿಯವರೆಗೆ ಮರಾಠಿಯನ್ನಷ್ಟೇ ಕೇಳಿದ್ದೆ.

"ಯಾರ ಬಾಯಿ ಬಂದ್ ಆತು?" ಎಂದು ನನ್ನನ್ನೇ ನೋಡಿದರು. "ನಮ್ಮ ಮನ್ಯಾಗ ಅವ್ವ ಇದ ಭಾಷಾ ಆಡ್ತಾಳ."

ನಾಚಿಕೆಯಿಂದ ಸತ್ತೆ.

ಆಮೇಲೆ ಕಾಕಾನ ಕಡೆ ತಿರುಗಿದರು. "ನಿಮ್ಮ ಮಾತು ಖರೇ ಐತ್ರಿ, ಹಳೇ ಮೇಲ್ ನೋಡೇನಿ. ಆದ್ರ ಮೇಲ್‌ನ್ಯಾಗ ಹೆಸರಿಲ್ಲದ ಇಕಿಗೆ ಕದ್ದು ಯಾಕ ತೋರ್ಸಿದ್ರಿ? ತಪಾಸಣಿ ಸಹಿ ಮಾಡಾವ್ರು ಯಾರ ಕಡೀನೂ ಇರಬಾರ್ದ್ರಿ."

ನನಗಾಗಿಯೇ ಮಾಡಿದ್ದು ಎಂದು ಕಾಕಾ ಹೇಳಬಹುದಿತ್ತು. ಹೇಳಲಿಲ್ಲ. ನಾನಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ನನ್ನ ನೌಕರಿ ಉಳಿಯಿತು. ಮ್ಯಾನೇಜರಿಗೆ ಎಚ್ಚರಿಕೆ ಪತ್ರ ಸಿಕ್ಕಿತು. ಕಾಕಾನನ್ನು ಸಾಮಾನಿನ ಸ್ಟೋರಿಗೆ ಹಾಕಿದರು, ಅಲ್ಲಿ ತಪಾಸಣೆಗೆ ಸಹಿ ಹಾಕುವ ಅಧಿಕಾರವಿಲ್ಲ.

ಆ ಅಧಿಕಾರ ಬಿಟ್ಟುಕೊಡುವ ಮೇಲ್ ಅನ್ನು ಕಾಕಾ ಎಲ್ಲರಿಗೂ ಕಳಿಸಿದರು. ಈ ಸಲ ಸಿಸಿಯಲ್ಲಿ ಎಲ್ಲರಿಗೂ ಕಾಣುವಂತೆ ನನ್ನ ಹೆಸರಿತ್ತು. 'ತಪ್ಪಾತು ಕಾಕಾ' ಎಂದು ಬರೆದೆ. ಅವರೊಬ್ಬರಿಗೇ ಹೋಗುತ್ತದೆಯೇ ಎಂದು ಹತ್ತು ಸಲ ನೋಡಿ ಕಳಿಸಿದೆ.