ವೃಕ್ಷಾತ್ ಎಂಬುದಕ್ಕೆ ನಾಲ್ಕು ಬೆರಳು

ನನ್ನ ಕಾನ್ವೆಂಟ್‌ನಲ್ಲಿ ಸಂಸ್ಕೃತ ಇರಲಿಲ್ಲ. ಸಿಸ್ಟರ್‌ಗಳು ಕಲಿಸಿದ್ದು ಇಂಗ್ಲಿಷ್ ಗ್ರಾಮರ್ ಮತ್ತು ಎಂಬ್ರಾಯ್ಡರಿ. ಆ ಕೊರತೆ ಒಳಗೇ ಉಳಿದಿತ್ತೇನೋ, ಎಪ್ಪತ್ತು ದಾಟಿದ ಮೇಲೆ ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಹಿರಿಯರಿಗಾಗಿ ನಡೆಯುವ ಸಂಸ್ಕೃತ ಕ್ಲಾಸಿಗೆ ಸೇರಿದೆ.

ಸಂಧಿ ಬಿಡಿಸುವುದು ಬೇಗ ಬಂತು. 'ತಥೈವ'ದಲ್ಲಿ ತಥಾ, ಏವ. 'ಇತ್ಯಾದಿ'ಯಲ್ಲಿ ಇತಿ, ಆದಿ. ಹಳೆಯ ಹೊಲಿಗೆ ಬಿಚ್ಚಿದಂತೆ ಹಿತವಾಗಿತ್ತು. ವಿಭಕ್ತಿ ಮಾತ್ರ ತಲೆಗೆ ಹತ್ತಲಿಲ್ಲ. ಎರಡು ಸಲ ಫೇಲಾದೆ. ಮೂರನೆಯ ಸಲವೂ ಆದರೆ ಶನಿವಾರದ ಮಕ್ಕಳ ಬ್ಯಾಚಿಗೆ ಕಳಿಸುವುದಾಗಿ ಮೇಷ್ಟ್ರು ಹೇಳಿದ್ದರು. ಆ ಬ್ಯಾಚಿಗೆ ನನ್ನ ಮೊಮ್ಮಗಳೇ ಮಾನಿಟರ್.

ನನ್ನಂಥವರು ಏಳು ಜನ. ನಮ್ಮ ಕಷ್ಟ ನೋಡಲಾರದೆ ಕ್ಲಾಸಿನ ಜಾಣರೊಬ್ಬರು ಮುಂದೆ ಬಂದರು. ಲೇತ್ ವರ್ಕ್‌ಶಾಪ್ ಮುಚ್ಚಿ, ಪಕ್ಕದ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹಿರಿಯರು. ಮೇಷ್ಟ್ರು ವಿಭಕ್ತಿಗಳನ್ನು ಬೆರಳೆಣಿಸಿ ಕಲಿಸಿದ್ದರಲ್ಲ, ಅದನ್ನೇ ಉಪಾಯ ಮಾಡಿದರು.

"ಹೆದರ್ಬೇಡಿ ಅಕ್ಕಾ, ನಾನು ಮುಂದಿನ ಬೆಂಚಲ್ಲೇ ಕೂತಿರ್ತೀನಿ. ಬೆನ್ನ ಹಿಂದೆ ಕೈ ನೋಡ್ಕೊಳ್ಳಿ, ಸಾಕು."

ಪ್ರಥಮಾಕ್ಕೆ ಒಂದು ಬೆರಳು, ದ್ವಿತೀಯಾಕ್ಕೆ ಎರಡು, ಹೀಗೆ ಐದರವರೆಗೆ. ಷಷ್ಠೀಗೆ ಮುಷ್ಟಿ. ಸಪ್ತಮೀಗೆ ಮುಷ್ಟಿಯಿಂದ ಸೊಂಟಕ್ಕೆ ಗುದ್ದಿಕೊಳ್ಳುವುದು. ಒಂದು ವಾರ ರಿಹರ್ಸಲ್ ನಡೆಯಿತು. ಒಂದು ತಪ್ಪೂ ಬರಲಿಲ್ಲ.

ಎಕ್ಸಾಮ್ ದಿನ 'ವೃಕ್ಷಾತ್ ಪತ್ರಂ ಪತತಿ' ಎಂಬ ವಾಕ್ಯ ಬಂತು. ವೃಕ್ಷಾತ್ ಎಂದರೆ ಮರದಿಂದ. ಅಂದು ಅದೊಂದು ನನಗೇ ಹೊಳೆಯಿತು. ಪಂಚಮೀ ಎಂದು ಬರೆದೆ. ಆಮೇಲೆ ಮುಂದಿನ ಬೆಂಚಿನತ್ತ ನೋಡಿದೆ. ನಾಲ್ಕು ಬೆರಳು. ಅಂಥ ಜಾಣರಿಗಿಂತ ನಾನು ಹೆಚ್ಚೇ ಎಂದು ಹೊಡೆದುಹಾಕಿ ಚತುರ್ಥೀ ಎಂದು ತಿದ್ದಿದೆ.

ಮರುವಾರ ಮೇಷ್ಟ್ರು ಪೇಪರುಗಳನ್ನು ಹರಡಿ ಕೇಳಿದರು: "ಎಲೆ ಮರಕ್ಕೋಸ್ಕರ ಬೀಳತ್ತೇನ್ರೀ? ಏಳು ಜನಕ್ಕೂ ಬೀಳತ್ತಾ?"

ಭದ್ರಾವತಿಯವರು ಎದ್ದು, ಸದಾ ಪ್ಯಾಂಟಿನ ಜೇಬಿನಲ್ಲಿರುತ್ತಿದ್ದ ಎಡಗೈಯನ್ನು ಹೊರತೆಗೆದರು. ಕಿರುಬೆರಳು ಇರಲಿಲ್ಲ. ರಿಹರ್ಸಲ್‌ನಲ್ಲಿ ತೋರಿಸಿದ್ದು ಬಲಗೈ. ಎಕ್ಸಾಮಿನಲ್ಲಿ ಬಲಗೈಗೆ ಪೆನ್ನು ಬೇಕಿತ್ತು.

"ನಾನು ಐದೇ ತೋರಿಸಿದ್ದು ಮೇಷ್ಟ್ರೇ," ಎಂದರು. "ಲೇತಿಗೆ ಕೊಟ್ಟು ಮೂವತ್ತು ವರ್ಷ ಆಯ್ತು. ನನಗೆ ಈಗಲೂ ಐದೇ ಇದ್ದ ಹಾಗಿರತ್ತೆ."

ಮೇಷ್ಟ್ರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನಗು ತಡೆಯುತ್ತಿದ್ದರೆಂದು ಭುಜ ನೋಡಿದರೆ ತಿಳಿಯುತ್ತಿತ್ತು. ಆದರೆ ಮಾರ್ಕು ಕೊಡಲಿಲ್ಲ. ಪಾಸಾಗಲು ನನಗೆ ಕಡಿಮೆ ಬಿದ್ದದ್ದು ಸರಿಯಾಗಿ ಒಂದು.

ಶನಿವಾರ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತೆ. ಮೊಮ್ಮಗಳು ಹಾಜರಿ ಕೂಗಿದಳು. ಅಜ್ಜಿ ಎನ್ನಲಿಲ್ಲ, ನಂಬರ್ ಹೇಳಿದಳು. ಪಾಸಾಗಿದ್ದ ಭದ್ರಾವತಿಯವರೂ ಬಸ್ಸು ಹಿಡಿದು ಬಂದು ನನ್ನ ಪಕ್ಕದಲ್ಲೇ ಮುದುಡಿ ಕೂತಿದ್ದರು. ಎಡಗೈ ಡೆಸ್ಕಿನ ಮೇಲಿತ್ತು.